ಕೂತಾಗ ಬಿಪಿ ನಾರ್ಮಲ್, ಎದ್ದ ಕೂಡಲೇ ಕಣ್ಣು ಕತ್ತಲೆ: ಅಪ್ಪಾಜಿ ರಾತ್ರಿ ಬಿದ್ದರು, ಯಾರಿಗೆ ತೋರಿಸೋದು?

ಭಟ್ಟಿ ಹುಡುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಅಪ್ಪಾಜಿಗೆ ಅರವತ್ತೊಂದು. ನಮ್ಮದು ಮಂಡಕ್ಕಿ ಭಟ್ಟಿ. ಬೆಳಗಿನ ಜಾವ ಮೂರೂವರೆಗೆ ಒಲೆ ಹೊತ್ತಿಸಿದರೆ ಹತ್ತು ಗಂಟೆವರೆಗೂ ಅವರು ಬಾಣಲೆ ಮುಂದೆಯೇ. ಎರಡು ತಿಂಗಳಿಂದ ಕೂತವರು ಎದ್ದರೆ ತಲೆ ಗಿಮ್ ಅನ್ನುತ್ತೆ, ಕಣ್ಣಿಗೆ ಮಂಜು ಕವಿದಂಗಾಗುತ್ತೆ ಅಂತಾರೆ. ಗೋಡೆ ಹಿಡ್ಕೊಂಡು ಒಂದು ಗಳಿಗೆ ನಿಂತರೆ ಸರಿಹೋಗುತ್ತೆ. ಮೊನ್ನೆ ರಾತ್ರಿ ಎರಡೂವರೆಗೆ ಮೂತ್ರಕ್ಕೆ ಎದ್ದವರು ಬಚ್ಚಲ ಬಾಗಿಲಲ್ಲೇ ಕುಸಿದರು. ಅಮ್ಮ ಹೋಗಿ ಅಲುಗಾಡಿಸೋದ್ರೊಳಗೆ ಎಚ್ಚರ ಆಗಿತ್ತು, "ಏನಾಯ್ತೆ?" ಅಂತ ಅವರೇ ಕೇಳಿದ್ರು. ಹುಬ್ಬಿನ ಮೇಲೆ ಸ್ವಲ್ಪ ಗಾಯ.

ಹತ್ತು ವರ್ಷದಿಂದ ಬಿಪಿ ಮಾತ್ರೆ ಇದೆ. ಮನೆಯಲ್ಲಿ ಮಿಷನ್ನೂ ಇದೆ. ಕೂರಿಸಿ ನೋಡಿದ್ರೆ 126/78. ಮೆಡಿಕಲ್ ಅಂಗಡಿಯವರೂ ನೋಡಿ ನಾರ್ಮಲ್ ಅಂದ್ರು. ಹಾಗಾದ್ರೆ ಇದು ಬಿಪಿ ಅಲ್ಲ, ನರದ್ದಾ? ಕಣ್ಣಿಂದಾ? ಯಾವ ಡಾಕ್ಟರ್ ಹತ್ರ ಹೋಗಬೇಕು ಅಂತಲೇ ಗೊತ್ತಾಗ್ತಿಲ್ಲ.

ಹರಿಹರದ ಮೇಷ್ಟ್ರು

ಇದು ಲೋ ಬಿಪಿ ಕಣಪ್ಪ. ಬೇಸಿಗೆಯಲ್ಲಿ ಬೆವರು ಹರಿದು ಮೈಯಲ್ಲಿ ನೀರು, ಉಪ್ಪು ಎರಡೂ ಕಮ್ಮಿ ಆಗಿರುತ್ತೆ. ದಿನಕ್ಕೆ ಮೂರು ಸಲ ನಿಂಬೆ ಶರಬತ್ತಿಗೆ ಉಪ್ಪು ಸಕ್ಕರೆ ಹಾಕಿ ಕೊಡು. ಬಿಪಿ ಮಾತ್ರೆ ಒಂದು ವಾರ ನಿಲ್ಲಿಸಿ ನೋಡು, ತಾನೇ ಗೊತ್ತಾಗುತ್ತೆ. ನಾನು ಶಾಲೆಯಲ್ಲಿದ್ದಾಗ ಪ್ರಾರ್ಥನೆಗೆ ನಿಂತ ಮಕ್ಕಳು ಎಷ್ಟು ಸಲ ಹೀಗೆ ಬಿದ್ದಿಲ್ಲ. ಪುಟ್ಟ ಹುಡುಗರಿಗೆ ನೀರು ಕುಡಿಸಿದ್ರೆ ಮುಗೀತು.

ಚಳ್ಳಕೆರೆ ಶೇಂಗಾ

ನನಗೂ ಇದೇ ತೊಂದ್ರೆ ಸ್ವಾಮಿ. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದ್ರೆ ಸಾಕು, ಇಡೀ ಮನೆ ಗಿರಗಿರ ತಿರುಗುತ್ತೆ, ವಾಂತಿ ಬಂದಂಗಾಗುತ್ತೆ. ಬಿಪಿಗೆ ಅಂತ ಎಷ್ಟು ನೀರು ಕುಡಿದರೂ ಏನೂ ಉಪಯೋಗ ಆಗಿಲ್ಲ.

ದುರ್ಗದ ಸಿಸ್ಟರ್

ಚಳ್ಳಕೆರೆಯವರೇ, ನಿಮ್ಮದು ಬೇರೆ ದಾರಿ. ಮಲಗಿದಲ್ಲೇ ಹೊರಳಿದಾಗ ಮನೆ ತಿರುಗಿದರೆ ಅದು ಹೆಚ್ಚಾಗಿ ಕಿವಿಯ ಒಳಗಿನದು. ಕಿವಿ ಮೂಗು ಗಂಟಲಿನ ಡಾಕ್ಟ್ರು ಮಂಚದ ಮೇಲೆ ತಲೆ ತಿರುಗಿಸಿ ಮಲಗಿಸಿ ನೋಡ್ತಾರೆ, ಆ ತಿರುಗಿಸೋದರಲ್ಲೇ ಎಷ್ಟೋ ಸಲ ವಾಸಿನೂ ಮಾಡ್ತಾರೆ. ನೀರಿಗೂ ಅದಕ್ಕೂ ಸಂಬಂಧ ಇಲ್ಲ.

ಭಟ್ಟಿಯವರೇ, ನಿಮ್ಮ ಅಪ್ಪಾಜಿಗೆ ಮನೆ ತಿರುಗೋದಿಲ್ಲ, ಕಣ್ಣು ಮಂಜಾಗುತ್ತೆ, ಅದೂ ಎದ್ದಾಗ ಮಾತ್ರ. ಎದ್ದು ನಿಂತ ಕೂಡಲೇ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಕಾಲಿಗೂ ಹೊಟ್ಟೆಗೂ ಇಳಿಯುತ್ತೆ. ಕತ್ತಿನ ರಕ್ತನಾಳದಲ್ಲಿ ಅದನ್ನ ಗಮನಿಸೋ ವ್ಯವಸ್ಥೆ ಇದೆ. ಅದು ತಕ್ಷಣ ಎದೆಬಡಿತ ಜಾಸ್ತಿ ಮಾಡಿಸಿ, ಕೆಳಗಿನ ರಕ್ತನಾಳಗಳನ್ನ ಬಿಗಿ ಮಾಡಿಸುತ್ತೆ. ಆ ಕೆಲಸ ತಡವಾದ್ರೆ, ಅಥವಾ ಬಿಗಿ ಆಗದಂಗೆ ಏನಾದ್ರೂ ತಡೆದರೆ, ಮೇಲಕ್ಕೆ ರಕ್ತ ಏರಲ್ಲ. ಮೊದಲು ಮಂಜಾಗೋದು ಕಣ್ಣು. ಯಾಕಂದ್ರೆ ಕಣ್ಣುಗುಡ್ಡೆ ಒಳಗೇ ಒಂದು ಒತ್ತಡ ಇರುತ್ತೆ, ಅದನ್ನ ಮೀರಿ ರಕ್ತ ನುಗ್ಗಬೇಕು. ಆಮೇಲೆ ಎಚ್ಚರ ತಪ್ಪೋದು. ಅಂದ್ರೆ ಕಣ್ಣು ಕತ್ತಲೆ ಆದ ಮೇಲೆ ಕೂರೋಕೆ ಕೆಲವೇ ಸೆಕೆಂಡು ಸಿಗುತ್ತೆ.

ಕೂರಿಸಿ ನೋಡಿದ 126/78 ಈ ಪ್ರಶ್ನೆಗೆ ಉತ್ತರ ಕೊಡಲ್ಲ. ಮಲಗಿಸಿ, ನಿಲ್ಲಿಸಿ ನೋಡಬೇಕು. ವಾರ್ಡಲ್ಲಿ ನಾವು ಮಾಡ್ತಿದ್ದದ್ದು ಹೀಗೆ: ಮೂತ್ರ ಮಾಡಿ ಬಂದು ಐದು ನಿಮಿಷ ಮಾತಾಡದೆ ಅಂಗಾತ ಮಲಗಬೇಕು. ಪಟ್ಟಿ ತೋಳಿಗೆ ಕಟ್ಟೇ ಇರಲಿ. ಬಿಪಿ, ನಾಡಿ ಎರಡೂ ಬರ್ಕೊಳ್ಳಿ. ಆಮೇಲೆ ನಿಲ್ಲಿಸಿ, ಒಂದು ನಿಮಿಷಕ್ಕೆ ಒಂದು, ಮೂರು ನಿಮಿಷಕ್ಕೆ ಒಂದು. ನಿಂತಾಗ ಕೈ ಜೋತುಬಿಟ್ಟರೆ ಮಿಷನ್ ಜಾಸ್ತಿ ತೋರಿಸುತ್ತೆ, ಅದಕ್ಕೆ ಮುಂಗೈಯನ್ನ ನೀವು ಎದೆ ಮಟ್ಟಕ್ಕೆ ಹಿಡಿದುಕೊಳ್ಳಿ. ಹಿಂದೆ ಕುರ್ಚಿ ಇರಲಿ, ಪಕ್ಕದಲ್ಲಿ ಒಬ್ಬರು ಇರಲಿ. ಕಣ್ಣು ಕತ್ತಲೆ ಅಂದ್ರೆ ತಕ್ಷಣ ಕೂರಿಸಿ, ಮೂರು ನಿಮಿಷ ಆಗಲೇಬೇಕು ಅಂತ ಹಟ ಬೇಡ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟ್ರು ಅದನ್ನ ಲೆಕ್ಕಕ್ಕೆ ತಗೋತಾರೆ.

ಬೆಳಿಗ್ಗೆ ಮಾತ್ರೆಗೆ ಮುಂಚೆ ಒಂದು ಸಲ, ಭಟ್ಟಿಯಿಂದ ಬಂದ ಮೇಲೆ ಒಂದು ಸಲ ನೋಡಿ. ಮಾತ್ರೆ ಯಾವುವು, ಯಾವಾಗ ತಗೋತಾರೆ, ಎಲ್ಲ ಬರೀರಿ. ಮಂಡಿ ನೋವಿಗೆ ಅಂತ ತಾವೇ ತಗೊಳ್ಳೋದೂ ಸೇರಿ. ಮಲ ಕಪ್ಪಗೆ ಡಾಂಬರಿನ ಥರ ಹೋಗ್ತಿದೆಯಾ ಅಂತ ಸಂಕೋಚ ಬಿಟ್ಟು ಕೇಳಿ.

ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ಬಿದ್ದು ಎಚ್ಚರ ತಪ್ಪಿದೆ, ತಲೆಗೆ ಪೆಟ್ಟಾಗಿದೆ, ವಯಸ್ಸು ಅರವತ್ತು ದಾಟಿದೆ. ನಾಳೆಯೇ ಒಂದು ಇಸಿಜಿ ಆಗಲಿ. ಸಿ.ಜಿ. ಆಸ್ಪತ್ರೆಯ ಮೆಡಿಸಿನ್ ಹೊರರೋಗಿ ವಿಭಾಗಕ್ಕೇ ಹೋಗಿ, ಮೊದಲೇ ನರದವರ ಹತ್ರ, ಕಣ್ಣಿನವರ ಹತ್ರ ಅಲೀಬೇಡಿ.

ಭಟ್ಟಿ ಹುಡುಗ, ದಾವಣಗೆರೆ

ಸಿಸ್ಟರ್, ಇವತ್ತು ಬೆಳಿಗ್ಗೆಯೇ ಇಸಿಜಿ ಆಯ್ತು. ಅದರಲ್ಲಿ ಏನೂ ಇಲ್ಲ ಅಂದ್ರು, ಹುಬ್ಬಿಗೆ ಪಟ್ಟಿ ಹಾಕಿ ಕಳಿಸಿದ್ರು. ಬಿಪಿ ಅಲ್ಲೂ ಕೂರಿಸಿಯೇ ನೋಡಿದ್ದು. ನಿಲ್ಲಿಸಿ ನೋಡಿ ಅಂತ ಕೇಳೋಕೆ ಆಗಲಿಲ್ಲ, ಹಿಂದೆ ಅಷ್ಟುದ್ದ ಸಾಲು ಇತ್ತು.

ಮಾತ್ರೆ: ಟೆಲ್ಮಿಸಾರ್ಟನ್ 40, ಅದರ ಜೊತೆಗೇ ಹೈಡ್ರೋಕ್ಲೋರೋಥಯಜೈಡ್ 12.5 ಸೇರಿರೋದು, ರಾತ್ರಿ ಒಂದು. ಎರಡು ತಿಂಗಳ ಹಿಂದೆ ಪ್ರಾಸ್ಟೇಟ್ ದಪ್ಪ ಆಗಿದೆ ಅಂತ ಟ್ಯಾಮ್ಸುಲೋಸಿನ್ 0.4 ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಊಟ ಏಳಕ್ಕೆ, ಈ ಎರಡನ್ನೂ ಮಲಗೋ ಹೊತ್ತಿಗೆ ಒಟ್ಟಿಗೆ ನುಂಗ್ತಾರೆ. ನೋವಿನ ಮಾತ್ರೆ ವಾರಕ್ಕೆ ಒಂದೆರಡು. ಮಲ ಕಪ್ಪಗಿಲ್ಲ.

ನೀವು ಹೇಳಿದಂಗೆ ಅಳೆದೆ.
ಬೆಳಿಗ್ಗೆ ಮಲಗಿ: 142/84, ನಾಡಿ 70. ನಿಂತು ಒಂದು ನಿಮಿಷ: 112/70, ನಾಡಿ 88. ಮೂರು ನಿಮಿಷ: 116/72, ನಾಡಿ 86.
ಭಟ್ಟಿಯಿಂದ ಬಂದು ಮಲಗಿ: 124/76, ನಾಡಿ 82. ನಿಂತು ಒಂದು ನಿಮಿಷ: 92/58, ನಾಡಿ 104. ಕಣ್ಣು ಮಂಜಾಯ್ತು ಅಂದ್ರು, ಕೂರಿಸಿಬಿಟ್ಟೆ.

ನೋಡಿ ಗಾಬರಿ ಆಯ್ತು.

ಮೆಡಿಕಲ್ ಶಾಪ್, ಪಿ.ಜೆ. ಬಡಾವಣೆ

ಅಣ್ಣ, ಎರಡು ತಿಂಗಳಿಂದ ತಲೆಸುತ್ತು, ಎರಡು ತಿಂಗಳಿಂದ ಟ್ಯಾಮ್ಸುಲೋಸಿನ್. ಲೆಕ್ಕ ಅಲ್ಲೇ ಕೂಡ್ತಾ ಇದೆಯಲ್ಲ. ಅದು ಮೂತ್ರದ ದಾರಿ ಸಡಿಲ ಮಾಡೋ ಔಷಧಿ, ರಕ್ತನಾಳವನ್ನೂ ಸ್ವಲ್ಪ ಸಡಿಲ ಮಾಡುತ್ತೆ. ಖಾಲಿ ಹೊಟ್ಟೆಗೆ ಬಿದ್ದರೆ ರಕ್ತಕ್ಕೆ ಜಾಸ್ತಿ ಸೇರುತ್ತೆ. ಅದಕ್ಕೇ ಊಟ ಆಗಿ ಅರ್ಧ ಗಂಟೆಗೆ, ದಿನಾ ಅದೇ ಊಟದ ನಂತರ ಅಂತ ನಾವು ಚೀಟಿ ಮೇಲೆ ಬರೆದುಕೊಡೋದು. ಏಳಕ್ಕೆ ಉಂಡು ಹತ್ತಕ್ಕೆ ನುಂಗಿದ್ರೆ ಹೊಟ್ಟೆ ಅಷ್ಟೊತ್ತಿಗೆ ಖಾಲಿ ಆಗ್ತಾ ಬಂದಿರುತ್ತೆ. ಇನ್ನೊಂದು ಮಾತ್ರೆಯಲ್ಲಿ ಸೇರಿರೋದು ನೀರು ಹೊರಗೆ ಹಾಕಿಸೋ ಔಷಧಿ. ಅದನ್ನ ಯಾಕೆ ರಾತ್ರಿ ತಗೋತಾರೋ, ಮೂತ್ರಕ್ಕೆ ಏಳೋದು ಇನ್ನೂ ಜಾಸ್ತಿ ಆಗುತ್ತೆ.

ಮಾತ್ರೆ ಬದಲು ಮಾಡೋದು ಡಾಕ್ಟ್ರ ಕೆಲಸ. ಆದ್ರೆ ಎರಡೂ ಮಾತ್ರೆಯ ಖಾಲಿ ಸ್ಟ್ರಿಪ್ ತಗೊಂಡು ಹೋಗಿ. ಬಿಪಿ ಕೊಟ್ಟವರು ಒಬ್ಬರು, ಪ್ರಾಸ್ಟೇಟ್‌ಗೆ ಕೊಟ್ಟವರು ಇನ್ನೊಬ್ಬರು ಆಗಿದ್ರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲ್ಲ. ಕೌಂಟರಲ್ಲಿ ದಿನಾ ನೋಡ್ತೀನಿ ಇದನ್ನ.

ದುರ್ಗದ ಸಿಸ್ಟರ್

ಚೆನ್ನಾಗಿ ಅಳೆದಿದ್ದೀರಿ. ಬೆಳಿಗ್ಗೆ 142ರಿಂದ 112, ಮೂವತ್ತು ಇಳಿದಿದೆ. ಈಗ ನಾಡಿ ನೋಡಿ. 70 ಇದ್ದದ್ದು 88 ಆಗಿದೆ, ಅಂದ್ರೆ ಒತ್ತಡ ಬಿದ್ದಾಗ ಹೃದಯ ಓಗೊಟ್ಟಿದೆ. ಹತ್ತು ಹದಿನೈದು ವರ್ಷದ ಶುಗರಿನವರಲ್ಲಿ, ಪಾರ್ಕಿನ್ಸನ್ ಇರೋರಲ್ಲಿ ಕೆಲವರಿಗೆ ಒತ್ತಡ ಇಷ್ಟೇ ಬೀಳುತ್ತೆ, ಆದ್ರೆ ನಾಡಿ ಮೂರ್ನಾಲ್ಕು ಏರಿದ್ರೆ ಹೆಚ್ಚು. ಅಲ್ಲಿ ನರಗಳೇ ಕೈಕೊಟ್ಟಿರುತ್ತವೆ. ಎದೆಬಡಿತ ತಗ್ಗಿಸೋ ಮೆಟೊಪ್ರೊಲಾಲ್ ಥರದ ಮಾತ್ರೆ ತಗೊಳ್ಳೋರಲ್ಲೂ ನಾಡಿ ಏರಲ್ಲ, ಅದನ್ನ ನೋಡಿ ಮೋಸ ಹೋಗಬಾರದು. ನಿಮ್ಮ ಅಪ್ಪಾಜಿಗೆ ಅದು ಇಲ್ಲ. ಹಾಗಾಗಿ ನನ್ನ ಅನುಮಾನ ನೀರಿನ ಮೇಲೆ, ಮಾತ್ರೆ ಮೇಲೆ.

ದಿನಕ್ಕೆ ಎಷ್ಟು ನೀರು ಕುಡೀತಾರೆ? ಅಂದಾಜು ಬೇಡ. ಭಟ್ಟಿಯಲ್ಲಿ ಚೀಲ ತೂಗೋ ಯಂತ್ರ ಇರುತ್ತಲ್ಲ. ಬೆಳಗಿನ ಜಾವ ಕೆಲಸಕ್ಕೆ ನಿಲ್ಲೋ ಮುಂಚೆ ಮೂತ್ರ ಮಾಡಿಸಿ, ಬನೀನು ಪಂಚೆಯಲ್ಲಿ ನಿಲ್ಲಿಸಿ ತೂಗಿ. ಮುಗಿದ ಮೇಲೆ ಬೆವರು ಒರೆಸಿ, ಒಣಗಿದ್ದು ಉಡಿಸಿ ಮತ್ತೆ ತೂಗಿ. ನಡುವೆ ಏನು ಕುಡಿದ್ರು ಅದನ್ನೂ ಬರ್ಕೊಳ್ಳಿ.

ಹಾಸ್ಟೆಲ್ ಹುಡುಗಿ

ಸಿಸ್ಟರ್, ನನಗೆ ಹತ್ತೊಂಬತ್ತು. ಮೊಬೈಲ್ ನೋಡ್ತಾ ಮಲಗಿದ್ದವಳು ತಟ್ಟನೆ ಎದ್ದರೆ ಕಣ್ಣೆದುರು ಬೂದಿ ಬಣ್ಣ ಆಗುತ್ತೆ, ಹತ್ತು ಎಣಿಸೋದ್ರೊಳಗೆ ಸರಿ. ಬಿಪಿ 100/64 ಇದೆ. ಲೋ ಬಿಪಿಗೆ ಮಾತ್ರೆ ಬೇಕಾ? ನಮ್ಮ ಮನೇಲಿ ಎಲ್ಲರಿಗೂ ಇದೇ. ನನ್ನ ತಮ್ಮನೂ ಹೋದ ವಾರ ಕಬಡ್ಡಿ ಆಡ್ತಾ ಆಡ್ತಾ ಬಿದ್ದುಬಿಟ್ಟ, ಅರ್ಧ ನಿಮಿಷ ಜ್ಞಾನ ಇರಲಿಲ್ಲ. ಗ್ಲೂಕೋಸ್ ಕುಡಿಸಿದ್ರು, ಎದ್ದು ಮತ್ತೆ ಆಡಿದ.

ಹರಿಹರದ ಮೇಷ್ಟ್ರು

ನೋಡಮ್ಮ, ಹುಡುಗ ಬಿಸಿಲಲ್ಲಿ ಖಾಲಿ ಹೊಟ್ಟೆಗೆ ಆಡಿರಬೇಕು. ಮೊಟ್ಟೆ, ಶೇಂಗಾ ತಿನ್ನಿಸಿ.

ಕ್ಯಾಷುವಾಲ್ಟಿ ನೈಟು

ಮೇಷ್ಟ್ರೇ, ಸ್ವಲ್ಪ ತಡೀರಿ. ನಾನು ದಾವಣಗೆರೆಯಲ್ಲೇ ಒಂದು ಆಸ್ಪತ್ರೆಯ ಕ್ಯಾಷುವಾಲ್ಟಿಯಲ್ಲಿ ಡಾಕ್ಟರ್. ಸಾಮಾನ್ಯವಾಗಿ ಓದಿ ಸುಮ್ಮನಾಗ್ತೀನಿ, ಆದ್ರೆ ಈ ತಮ್ಮನ ವಿಷಯ ಬಿಡೋ ಹಂಗಿಲ್ಲ.

ತಂಗಿ, ನಿನ್ನದು ಮತ್ತು ನಿನ್ನ ತಮ್ಮನದು ಒಂದೇ ಅಲ್ಲ. ನಿನ್ನದು ಎದ್ದ ಮೊದಲ ಹದಿನೈದು ಸೆಕೆಂಡಿನ ಇಳಿತ. ವಯಸ್ಸಿನ ಮಕ್ಕಳಲ್ಲಿ, ಅದರಲ್ಲೂ ಸಣಕಲು, ಎತ್ತರ ಇರೋರಲ್ಲಿ ಸಾಮಾನ್ಯ. ಮಿಷನ್ ಪಟ್ಟಿ ಗಾಳಿ ತುಂಬೋದ್ರೊಳಗೆ ಅದು ಮುಗಿದುಹೋಗಿರುತ್ತೆ, ಅಳತೆಗೆ ಸಿಗೋದೇ ಇಲ್ಲ. 100/64 ನಿನ್ನ ವಯಸ್ಸಿಗೆ ಕಾಯಿಲೆ ಅಲ್ಲ, ಅದಕ್ಕೆ ಮಾತ್ರೆ ಬೇಡ. ಏಳೋ ಮುಂಚೆ ಕಾಲು ಮಡಚಿ ಬಿಚ್ಚಿ, ಕೂತು, ಆಮೇಲೆ ಏಳು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತೆ ಅಂದ್ರೆ ಹಿಮೋಗ್ಲೋಬಿನ್ ಒಂದು ನೋಡಿಸು.

ನಿನ್ನ ತಮ್ಮ ಬಿದ್ದದ್ದು ಆಡ್ತಾ ಇರುವಾಗಲಾ, ಆಟ ನಿಂತ ಮೇಲೆ ಸುಮ್ಮನೆ ನಿಂತಿದ್ದಾಗಲಾ? ಬೀಳೋ ಮುಂಚೆ ಕಣ್ಣು ಕತ್ತಲೆ, ಬೆವರು, ವಾಕರಿಕೆ ಏನಾದ್ರೂ ಆಯ್ತಾ, ಇಲ್ಲ ಸ್ವಿಚ್ ಆರಿಸಿದಂಗೆ ಬಿದ್ನಾ? ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡೋರು ಇದ್ದಾರಾ?

ಹಾಸ್ಟೆಲ್ ಹುಡುಗಿ

ರೈಡಿಗೆ ಓಡ್ತಾ ಇದ್ದಾಗಲೇ ಅಂತೆ. ಏನೂ ಗೊತ್ತಾಗಲಿಲ್ಲ ಅಂತಾನೆ. ನಮ್ಮ ಚಿಕ್ಕಪ್ಪ ಮೂವತ್ತೆರಡಕ್ಕೆ ನಿದ್ದೆಯಲ್ಲೇ ಹೋಗಿದ್ರು, ಹಾರ್ಟ್ ಅಟ್ಯಾಕ್ ಅಂದಿದ್ರು ಆಗ. ಡಾಕ್ಟ್ರೇ ಹೆದರಿಕೆ ಆಗ್ತಿದೆ.

ಕ್ಯಾಷುವಾಲ್ಟಿ ನೈಟು

ಹೆದರೋದು ಬೇಡ, ತಡ ಮಾಡೋದೂ ಬೇಡ. ಇವತ್ತೇ ಮನೆಗೆ ಫೋನ್ ಮಾಡು. ಹೃದಯದ ಡಾಕ್ಟ್ರು ನೋಡಿ ಆಗಬಹುದು ಅನ್ನೋವರೆಗೆ ಅವನು ಆಡಬಾರದು, ಓಡಬಾರದು, ಕೆರೆ ಬಾವಿಗೆ ಈಜೋಕೆ ಇಳೀಬಾರದು. ನಾಳೆ ಇಸಿಜಿ, ಆಮೇಲೆ ಎಕೋ. ಚಿಕ್ಕಪ್ಪನ ವಿಷಯ ಡಾಕ್ಟ್ರಿಗೆ ಮೊದಲ ಮಾತಲ್ಲೇ ಹೇಳಲಿ, ಎಷ್ಟೋ ಮನೆಯವರು ಅದನ್ನ ಹೇಳೋದೇ ಇಲ್ಲ. ಅಷ್ಟರಲ್ಲಿ ಮತ್ತೆ ಬಿದ್ದರೆ, ಎದೆ ಹಿಡಿದಂಗಾದ್ರೆ, ಎದೆ ಡವಡವ ಅಂದ್ರೆ ಕಾಯೋದು ಬೇಡ, 108.

ಉಳಿದವರಿಗೂ ಒಂದು ಮಾತು. ಎದ್ದಾಗ ಬವಳಿ ಬಂದು, ಬೀಳೋ ಮುಂಚೆ ಸೂಚನೆ ಸಿಕ್ಕಿ, ಮಲಗಿದ ಕೂಡಲೇ ಎಚ್ಚರ ಆಗೋದು ಒಂದು ಥರ. ಓಡುವಾಗ ಬಿದ್ದರೆ, ಕೂತಲ್ಲಿ ಮಲಗಿದಲ್ಲಿ ಜ್ಞಾನ ತಪ್ಪಿದರೆ ಅದು ಎದ್ದದ್ದರ ತಪ್ಪಲ್ಲ, ಹೃದಯದ ಲಯವನ್ನ ನೋಡಲೇಬೇಕು. ಎಚ್ಚರ ಆದ ಮೇಲೂ ಮಾತು ತೊದಲಿದ್ರೆ, ಕೈಕಾಲು ಸ್ವಾಧೀನ ಇಲ್ಲದಿದ್ರೆ ಅದೂ ಕಾಯೋ ವಿಷಯ ಅಲ್ಲ. ಮುಟ್ಟು ತಪ್ಪಿರೋ ಹೆಣ್ಣುಮಗಳು ಕೆಳಹೊಟ್ಟೆ ನೋವು ಅಂತ ಹೇಳಿ ಬವಳಿ ಬಿದ್ದರೆ, ಉಪವಾಸ, ಬಿಸಿಲು ಅಂತ ಮನೇಲಿ ಇಟ್ಕೋಬೇಡಿ. ಗರ್ಭಕೋಶದ ಹೊರಗೆ ಬೆಳೆದ ಗರ್ಭ ಒಡೆದು ಒಳಗೇ ರಕ್ತ ಸೋರ್ತಾ ಇರಬಹುದು. ಸಿಸ್ಟರ್ ಕಪ್ಪು ಮಲದ ಬಗ್ಗೆ ಕೇಳಿದ್ದೂ ಅದಕ್ಕೇ. ನೋವಿನ ಮಾತ್ರೆಯಿಂದ ಹೊಟ್ಟೆ ಹುಣ್ಣಾಗಿ ರಕ್ತ ಹೋಗ್ತಿದ್ರೆ ಕೆಲವು ಸಲ ಮೊದಲು ಗಮನಕ್ಕೆ ಬರೋದು ನಿಂತಾಗಿನ ತಲೆಸುತ್ತು ಮಾತ್ರ.

ಚಳ್ಳಕೆರೆ ಶೇಂಗಾ

ನಮ್ಮೂರಲ್ಲಿ ಬಿದ್ದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡ್ತಾರೆ, ಈರುಳ್ಳಿ ಮೂಸಿಸ್ತಾರೆ. ಎಚ್ಚರ ಆಗುತ್ತಪ್ಪ, ನಾನೇ ಕಂಡಿದ್ದೀನಿ.

ದುರ್ಗದ ಸಿಸ್ಟರ್

ಎಚ್ಚರ ಆಗುತ್ತೆ, ಯಾಕಂದ್ರೆ ಅವರು ನೆಲದ ಮೇಲೆ ಮಲಗಿರ್ತಾರೆ, ರಕ್ತ ತಲೆಗೆ ತಾನೇ ಹೋಗುತ್ತೆ. ಬೀಗದ ಕೈ ಹುಡುಕೋಕೆ ಹೋದಷ್ಟು ಹೊತ್ತು ಅವರನ್ನ ಯಾರೂ ಮುಟ್ಟದೇ ಬಿಟ್ಟಿರ್ತಾರಲ್ಲ, ಅದೇ ಔಷಧಿ. ಕೇಡು ಮಾಡೋದು ಎತ್ತಿ ಕುರ್ಚಿಗೆ ಕೂರಿಸೋದು, ಬಾಯಿಗೆ ನೀರು ಹುಯ್ಯೋದು. ಕೂರಿಸಿ ಹಿಡ್ಕೊಂಡ್ರೆ ತಲೆಗೆ ರಕ್ತ ಏರದೆ ಕೈಕಾಲು ಅದುರೋಕೆ ಶುರು ಆಗುತ್ತೆ, ಆಗ ಫಿಟ್ಸ್ ಅಂತ ಕೂಗಾಡ್ತಾರೆ. ಅಂಗಾತ ಮಲಗಿಸಿ, ಕಾಲನ್ನ ಸ್ಟೂಲಿನ ಮೇಲಿಡಿ, ಉಸಿರು ನೋಡಿ. ಒಂದೆರಡು ನಿಮಿಷದಲ್ಲಿ ಎಚ್ಚರ ಆಗದಿದ್ರೆ, ಉಸಿರಾಟ ಸರಿ ಇಲ್ಲದಿದ್ರೆ ಬರೀ ಬವಳಿ ಅಂತ ಕಾಯೋದು ಬೇಡ, 108ಕ್ಕೆ ಮಾಡಿ.

ಭಟ್ಟಿ ಹುಡುಗ, ದಾವಣಗೆರೆ

ತೂಗಿದೆ ಸಿಸ್ಟರ್. ಅಪ್ಪಾಜಿ "ನನ್ನನ್ನೂ ಚೀಲದ ಲೆಕ್ಕಕ್ಕೆ ಹಾಕ್ತೀಯೇನೋ" ಅಂತ ಬೈದ್ರು. ಮೂರೂವರೆಗೆ 63.2, ಹತ್ತಕ್ಕೆ 61.8. ನಡುವೆ ಎರಡು ಸಣ್ಣ ಲೋಟ ಟೀ, ಅಷ್ಟೇ. ನೀರಿನ ಚೊಂಬು ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ.

ಯಾಕೆ ಅಂತ ಕೇಳಿದ್ರೆ, "ಕುಡಿದ್ರೆ ಮೂತ್ರಕ್ಕೆ ಓಡಬೇಕು, ಮರಳು ಕಾಯ್ದಾಗ ಬಾಣಲೆ ಬಿಟ್ಟು ಹೋದ್ರೆ ಅಕ್ಕಿ ಸೀದುಹೋಗುತ್ತೆ" ಅಂದ್ರು. ಪ್ರಾಸ್ಟೇಟ್ ತೊಂದರೆ ಶುರು ಆದಾಗಿಂದ ಸಂಜೆ ಐದರ ಮೇಲೆ ನೀರೇ ಮುಟ್ಟಲ್ಲವಂತೆ. ಇದು ಅಮ್ಮನಿಗೂ ಗೊತ್ತಿರಲಿಲ್ಲ.

ದುರ್ಗದ ಸಿಸ್ಟರ್

ಒಂದು ಕಿಲೋ ನಾನ್ನೂರು ಗ್ರಾಂ. ಟೀಯನ್ನೂ ಸೇರಿಸಿದ್ರೆ ಒಂದೂವರೆ ಲೀಟರ್ ಬೆವರು ಹೋಗಿದೆ, ಬೆಳಗಿನ ಒಂದೇ ಪಾಳಿಯಲ್ಲಿ. ಅದರ ಮೇಲೆ ಒಲೆಯ ಕಾವಿಗೆ ಚರ್ಮದ ರಕ್ತನಾಳ ಅಗಲ ಆಗಿರುತ್ತೆ. ಭಟ್ಟಿಯಿಂದ ಬಂದಾಗಿನ 92 ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ. ರಾತ್ರಿಯದ್ದು ಬೇರೆ ಜೋಡಣೆ: ಸಂಜೆಯಿಂದ ನೀರಿಲ್ಲ, ಮಲಗೋ ಹೊತ್ತಿಗೆ ಎರಡು ಮಾತ್ರೆ, ಗಾಢ ನಿದ್ದೆಯಿಂದ ತಟ್ಟನೆ ಏಳೋದು, ತುಂಬಿದ ಮೂತ್ರಕೋಶ. ಹೀಗೆ ಎದ್ದು ಹೋಗಿ ಗಂಡಸರು ಬಚ್ಚಲ ಬಾಗಿಲಲ್ಲಿ ಬೀಳೋದು ತೀರಾ ಮಾಮೂಲಿ. ಮಂಚದ ಅಂಚಲ್ಲಿ ಒಂದು ನಿಮಿಷ ಕಾಲು ಇಳಿಬಿಟ್ಟು ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳಬೇಕು. ಮೂತ್ರವನ್ನ ಕೂತೇ ಮಾಡಲಿ. ಮಂಚದ ಪಕ್ಕ ಒಂದು ಬಾಟಲಿ ಇಟ್ಟರೆ ಇನ್ನೂ ಒಳ್ಳೇದು.

ಕಣ್ಣು ಮಂಜಾದಾಗ ಗೋಡೆ ಹಿಡ್ಕೊಂಡು ನಿಲ್ಲೋದು ಬೇಡ, ಅಲ್ಲೇ ಕೂತುಬಿಡಲಿ. ಕೂರೋಕೆ ಜಾಗ ಇಲ್ಲ, ಮುಂದೆ ಕಾದ ಬಾಣಲೆ ಇದೆ ಅಂದ್ರೆ ಎರಡು ಹೆಜ್ಜೆ ಹಿಂದೆ ಸರಿದು, ನಿಂತಲ್ಲೇ ಎರಡೂ ಕಾಲನ್ನ ಕತ್ತರಿ ಥರ ಅಡ್ಡ ಹಾಕಿ ತೊಡೆ, ಪಿರ್ರೆ ಬಿಗಿ ಹಿಡಿಯಬೇಕು, ಮುಷ್ಟಿ ಕಟ್ಟಬೇಕು. ಕೆಳಗಿನ ರಕ್ತ ಮೇಲೇರುತ್ತೆ. ಇದನ್ನ ಮನೆಯಲ್ಲಿ ಮಾಡಿಸಿ ಅಭ್ಯಾಸ ಮಾಡಿಸಿ, ಕತ್ತಲೆ ಬಂದಾಗ ಕಲಿಯೋಕೆ ಹೊತ್ತು ಇರಲ್ಲ.

ಹರಿಹರದ ಮೇಷ್ಟ್ರು

ನೀರು ಕಮ್ಮಿ ಅಂತ ನಾನು ಮೊದಲೇ ಹೇಳಿದ್ದೆ! ಹಾಗಾದ್ರೆ ಉಪ್ಪಿನ ಶರಬತ್ತಿಗೆ ಏನು ಅಡ್ಡಿ?

ಕ್ಯಾಷುವಾಲ್ಟಿ ನೈಟು

ನೀರಿನ ಮಾತು ಸರಿ ಇತ್ತು ಮೇಷ್ಟ್ರೇ, ಅದು ನಿಮಗೇ ಸಲ್ಲಲಿ. ಆದ್ರೆ ಅವರು ಬಿಪಿ ಇರೋ ಮನುಷ್ಯ. ಮಲಗಿದಾಗ 142 ಇದೆ. ದಿನಾ ಮೂರು ಲೋಟ ಉಪ್ಪಿನ ಶರಬತ್ತು ಕೊಟ್ಟರೆ ಮಲಗಿದಾಗಿನದ್ದು ಇನ್ನೂ ಮೇಲೇರುತ್ತೆ. ಮಾತ್ರೆ ಪೂರ್ತಿ ನಿಲ್ಲಿಸಿದ್ರೂ ಅಷ್ಟೇ. ಹತೋಟಿ ಇಲ್ಲದ ಬಿಪಿಯೇ ಎದ್ದಾಗಿನ ಇಳಿತವನ್ನ ಹೆಚ್ಚು ಮಾಡೋದು ಉಂಟು, ಕೇಳೋಕೆ ವಿಚಿತ್ರ ಅನ್ನಿಸಿದ್ರೂ. ಬಿಪಿಗೆ ಮಾತ್ರೆ ಬೇಕು, ಯಾವ ಮಾತ್ರೆ ಅನ್ನೋದು ಪ್ರಶ್ನೆ.

ಬರೀ ನೀರನ್ನ ಚೊಂಬುಗಟ್ಟಲೆ ಕುಡಿಸೋದೂ ಬೇಡ. ಆ ಹೈಡ್ರೋಕ್ಲೋರೋಥಯಜೈಡ್ ಮೂತ್ರದಲ್ಲಿ ಸೋಡಿಯಂ ಕಳೆಯುತ್ತೆ, ಬೆವರಲ್ಲೂ ಹೋಗುತ್ತೆ, ಅದರ ಮೇಲೆ ಬರೀ ನೀರು ಸುರಿದ್ರೆ ರಕ್ತದ ಸೋಡಿಯಂ ಇನ್ನೂ ತೆಳುವಾಗುತ್ತೆ. ಮಂಕು, ತಲೆನೋವು, ಓಲಾಟ ಬರೋದು ಅದರಿಂದಲೂ ಆಗಬಹುದು. ರಕ್ತದಲ್ಲಿ ಸೋಡಿಯಂ ಪೊಟ್ಯಾಸಿಯಂ, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಶುಗರ್ ನೋಡಿಸಿ ಮೆಡಿಸಿನ್ ಡಾಕ್ಟ್ರ ಹತ್ರ ಹೋಗಿ. ಮಲಗಿ ನಿಂತು ಅಳೆದ ಚೀಟಿಯನ್ನ ಮೇಜಿನ ಮೇಲಿಡಿ. ಸಾಲು ಎಷ್ಟೇ ಉದ್ದ ಇದ್ದರೂ ಬರೆದ ಚೀಟಿ ಓದೋಕೆ ಹತ್ತು ಸೆಕೆಂಡು ಸಾಕು.

ಮೆಡಿಕಲ್ ಶಾಪ್, ಪಿ.ಜೆ. ಬಡಾವಣೆ

ಭಟ್ಟಿ ದಿನಗಳಿಗೆ ಓಆರ್‌ಎಸ್ ಕೊಡಬಹುದಾ ಅಂತ ಡಾಕ್ಟ್ರನ್ನ ಕೇಳಿ. ಕೊಡಿ ಅಂದ್ರೆ ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣದು 200 ಮಿಲಿಗೆ. ಅಳತೆ ಪೊಟ್ಟಣದ ಮೇಲೆಯೇ ಇರುತ್ತೆ. ದೊಡ್ಡದನ್ನ ಒಂದು ಲೋಟಕ್ಕೆ ಹಾಕಿ ಗಟಗಟ ಕುಡಿಯೋರು ಇದ್ದಾರೆ, ಅದು ತಪ್ಪು. ಡಬ್ಬಿಯಲ್ಲಿ ಬರೋ ಸಿಹಿ ಪಾನೀಯದ ಮೇಲೆ ಅದೇ ಹೆಸರಿದ್ದರೂ ಸೂತ್ರ ಅದೇ ಅಲ್ಲ. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥವಕ್ಕೆ ಆ ಹೆಸರು ಬಳಸಬಾರದು ಅಂತ ಆದೇಶ ಮಾಡಿತು. ಲೇಬಲ್ಲಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇರೋ ಪುಡಿಯನ್ನೇ ತಗೊಳ್ಳಿ.

ಭಟ್ಟಿ ಹುಡುಗ, ದಾವಣಗೆರೆ

ಎರಡು ವಾರ ಆದ ಮೇಲೆ ಬರೀತಿದ್ದೀನಿ. ರಕ್ತದಲ್ಲಿ ಸೋಡಿಯಂ 131 ಬಂತು, 135 ಇರಬೇಕಂತೆ. ಹಿಮೋಗ್ಲೋಬಿನ್ 13.1, ಶುಗರ್ ಅಂಚಿನಲ್ಲಿ, ಕ್ರಿಯಾಟಿನಿನ್ ಪರವಾಗಿಲ್ಲ. ಡಾಕ್ಟ್ರು ಚೀಟಿ ನೋಡಿ ತಾವೇ ಒಂದು ಸಲ ಮಲಗಿಸಿ ನಿಲ್ಲಿಸಿ ಅಳೆದ್ರು. ನೀರಿನ ಮಾತ್ರೆ ಸೇರಿರೋದನ್ನ ತೆಗೆದು ಬರೀ ಟೆಲ್ಮಿಸಾರ್ಟನ್ 40 ಬರೆದ್ರು. ಟ್ಯಾಮ್ಸುಲೋಸಿನ್ ಮುಂದುವರಿಸಿ, ಊಟ ಆಗಿ ಅರ್ಧ ಗಂಟೆಗೆ ಅಂದ್ರು. ಭಟ್ಟಿಗೆ ಹೋಗೋ ಮುಂಚೆ ಎರಡು ಲೋಟ ನೀರು, ನಡುವೆ ಗಂಟೆಗೊಂದು ಲೋಟ, ತುಂಬಾ ಬೆವರಿದ ದಿನ ಅದರಲ್ಲಿ ಅರ್ಧ ಲೀಟರ್ ಓಆರ್‌ಎಸ್. ಹೃದಯ, ಕಿಡ್ನಿ ತೊಂದರೆ ಇಲ್ಲದ್ದಕ್ಕೆ ಇಷ್ಟು ಹೇಳಿದ್ದು, ಎಲ್ಲರಿಗೂ ಇದೇ ಅಲ್ಲ ಅಂತ ಸ್ಪಷ್ಟವಾಗಿ ಹೇಳಿದ್ರು.

ಈಗ ಬೆಳಿಗ್ಗೆ ಮಲಗಿ 138/82, ನಿಂತು 126/78. ಸೋಡಿಯಂ 136. ಭಟ್ಟಿಯಿಂದ ಬಂದಾಗ ತೂಕ ಅರ್ಧ ಕಿಲೋ ಇಳಿದಿರುತ್ತೆ, ನಿಂತರೆ 18 ಬೀಳುತ್ತೆ. ಒಂದು ದಿನ ಮಾತ್ರ ಮತ್ತೆ ಕಣ್ಣು ಮಂಜಾಯ್ತು, ಅವತ್ತು ಆಳು ಬಂದಿರಲಿಲ್ಲ, ನೀರು ಕುಡಿಯೋಕೆ ಬಿಡುವೇ ಸಿಕ್ಕಿರಲಿಲ್ಲ. ಕೂತು ಮೂತ್ರ ಮಾಡೋದಕ್ಕೆ ಇನ್ನೂ ಒಪ್ಪಿಲ್ಲ. ಬಾಟಲಿಗೆ ಒಪ್ಪಿದ್ದಾರೆ.

ಕ್ಯಾಷುವಾಲ್ಟಿ ನೈಟು

ಬೆಳಿಗ್ಗೆ ನಿಂತಾಗಿನ ಇಳಿತ 30ರಿಂದ 12ಕ್ಕೆ ಬಂದಿದ್ದು ಒಳ್ಳೇದು. ಆದ್ರೂ ಆ ಕ್ಯಾಪ್ಸೂಲ್ ಬಗ್ಗೆ ಮೂತ್ರರೋಗದವರ ಹತ್ರ ಮಾತಾಡಿ ಅಂತ ನಾನು ಹೇಳ್ತೀನಿ. ಕಾದ ಮರಳಿನ ಮುಂದೆ ನಿಲ್ಲೋ ಮನುಷ್ಯನಿಗೆ ಒಂದು ಸಲ ಬವಳಿ ಬಂದ್ರೂ ಅಪಾಯ ದೊಡ್ಡದು.

ದುರ್ಗದ ಸಿಸ್ಟರ್

ನಾನು ಅಷ್ಟು ಬೇಗ ಅದನ್ನ ಮುಟ್ಟಿಸಲ್ಲ ಡಾಕ್ಟ್ರೇ. ಅದನ್ನ ಬಿಟ್ಟರೆ ಮೂತ್ರ ಕಟ್ಟುತ್ತೆ, ಮೂತ್ರ ಕಟ್ಟಿದ್ರೆ ಇವರು ಮತ್ತೆ ನೀರು ಬಿಡ್ತಾರೆ. ಬೇಸಿಗೆ ಮುಗಿಯೋವರೆಗೆ ಬಾಣಲೆ ಮುಂದೆ ಬೇರೆಯವರನ್ನ ನಿಲ್ಲಿಸಿ, ಅಪ್ಪಾಜಿ ತೂಕ, ಲೆಕ್ಕ ನೋಡ್ಕೊಳ್ಳಲಿ ಅಂತ ಕೇಳಿ ನೋಡಿ.

ಭಟ್ಟಿ ಹುಡುಗ, ದಾವಣಗೆರೆ

ಕೇಳಿದೆ ಸಿಸ್ಟರ್. "ಮರಳಿನ ಹದ ನಿನಗೇನು ಗೊತ್ತು" ಅಂದ್ರು. ಮೂತ್ರರೋಗದವರ ಹತ್ರ ಗುರುವಾರ ಕರ್ಕೊಂಡು ಹೋಗ್ತೀನಿ.

ಹಾಸ್ಟೆಲ್ ಹುಡುಗಿ

ತಮ್ಮನ ಇಸಿಜಿಯಲ್ಲಿ ಏನೋ ವ್ಯತ್ಯಾಸ ಇದೆ ಅಂತ ಎಕೋ ಮಾಡಿಸಿದ್ದಾರೆ, ಇನ್ನೂ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ನನಗೂ ಒಂದು ಇಸಿಜಿ ಮಾಡಿಸಿ ಅಂದ್ರು. ಆಟ ಬಿಡಿಸಿದ್ದಕ್ಕೆ ಅವನು ನನ್ನ ಹತ್ರ ಮಾತಾಡ್ತಿಲ್ಲ. ಅಪ್ಪನಿಗೂ ಮಾಡಿಸಬೇಕಾ ಡಾಕ್ಟ್ರೇ?

ಕ್ಯಾಷುವಾಲ್ಟಿ ನೈಟು

ಮಾಡಿಸಬೇಕು. ತೀರಿಕೊಂಡ ಚಿಕ್ಕಪ್ಪ ಅಪ್ಪನ ಒಡಹುಟ್ಟಿದವರಾದ್ರೆ ಅಪ್ಪನದ್ದೇ ಮೊದಲು.